ಎರಡು ಬೇರೆ ಟಿಕೆಟ್, ನಡುವೆ ಲಂಡನ್: ಟ್ರಾನ್ಸಿಟ್ ವೀಸಾ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯ ಎಷ್ಟೋ ಮನೆಗಳಲ್ಲಿ ಈಗ ಮಗನೋ ಮಗಳೋ ಕೆನಡಾದಲ್ಲಿ ಇರುತ್ತಾರೆ. ಅವರನ್ನು ನೋಡಲು ಹೊರಟ ತಂದೆತಾಯಿ ಹೈದರಾಬಾದಿನಿಂದಲೋ ಬೆಂಗಳೂರಿನಿಂದಲೋ ವಿಮಾನ ಹತ್ತುತ್ತಾರೆ. ಟಿಕೆಟ್ ಹುಡುಕುವಾಗ ಒಂದು ಆಸೆ ಹುಟ್ಟುತ್ತದೆ. ಲಂಡನ್‌ವರೆಗೆ ಒಂದು ಕಂಪನಿಯದು ಅಗ್ಗ, ಲಂಡನ್‌ನಿಂದ ಟೊರಾಂಟೊಗೆ ಇನ್ನೊಂದು ಕಂಪನಿಯದು ಅಗ್ಗ, ಎರಡನ್ನೂ ಬೇರೆ ಬೇರೆ ಕೊಂಡರೆ ಸಾವಿರಾರು ರೂಪಾಯಿ ಉಳಿಯುತ್ತದೆ. ಉಳಿಯುವುದು ನಿಜ. ಆದರೆ ಹಾಗೆ ಕೊಂಡ ಮೇಲೆ ನಡುವಿನ ಊರಿನಲ್ಲಿ ಯಾವ ಬಾಗಿಲಿನಿಂದ ಹೋಗಬೇಕಾಗುತ್ತದೆ, ಆ ಬಾಗಿಲಿಗೆ ನಿಮ್ಮ ಪಾಸ್‌ಪೋರ್ಟ್ ಸಾಕೇ ಎಂಬುದನ್ನು ಮೊದಲೇ ನೋಡಿಕೊಳ್ಳಬೇಕು. ಇಲ್ಲಿನ ಉತ್ತರಗಳೆಲ್ಲ ಭಾರತೀಯ ಪಾಸ್‌ಪೋರ್ಟ್ ಇರುವವರಿಗೆ. ಹೆಚ್ಚಿನವು ಲಂಡನ್ ದಾರಿಯವು, ಬೇರೆ ಊರುಗಳ ಮಾತು ಕೊನೆಯ ಕಡೆ ಚಿಕ್ಕದಾಗಿ ಬರುತ್ತದೆ.

ನಮ್ಮದು ಒಂದೇ ಟಿಕೆಟ್ಟೋ ಎರಡೋ? ಏಜೆಂಟ್ ಒಂದೇ ಹಾಳೆಯಲ್ಲಿ ಪ್ರಿಂಟ್ ಕೊಟ್ಟಿದ್ದಾರೆ.

ಹಾಳೆ ಎಷ್ಟು ಎಂಬುದು ಲೆಕ್ಕಕ್ಕಿಲ್ಲ, ಪಿಎನ್‌ಆರ್ ಮತ್ತು ಟಿಕೆಟ್ ನಂಬರ್ ನೋಡಿ. ಹೈದರಾಬಾದ್–ಲಂಡನ್‌ಗೂ ಲಂಡನ್–ಟೊರಾಂಟೊಗೂ ಒಂದೇ ಟಿಕೆಟ್ ನಂಬರ್ ಇದ್ದರೆ ಅದು ಒಂದು ಪ್ರಯಾಣ. ಕಂಪನಿಗಳು ಎರಡಿದ್ದರೂ ಅವು ತಮ್ಮೊಳಗೆ ಮಾತಾಡಿಕೊಂಡಿರುತ್ತವೆ. ನಂಬರ್ ಬೇರೆ ಬೇರೆ ಇದ್ದರೆ ಅವು ಎರಡು ಪ್ರಯಾಣ, ಮೊದಲ ಕಂಪನಿಯ ಮಟ್ಟಿಗೆ ನೀವು ಲಂಡನ್‌ಗೆ ಹೋಗುವವರು, ಅಷ್ಟೇ. ಪಿಎನ್‌ಆರ್ ಮಾತ್ರ ನೋಡಿದರೆ ಕೆಲವೊಮ್ಮೆ ಗೊಂದಲವಾಗುತ್ತದೆ, ಏಕೆಂದರೆ ಒಂದೇ ಟಿಕೆಟ್ಟಿಗೂ ಎರಡು ಕಂಪನಿಗಳು ತಮ್ಮ ತಮ್ಮ ಪಿಎನ್‌ಆರ್ ಇಟ್ಟುಕೊಂಡಿರಬಹುದು. ಅದಕ್ಕೇ 13 ಅಂಕಿಯ ಟಿಕೆಟ್ ನಂಬರ್ ಕೇಳಿ ಪಡೆಯಿರಿ.

ಆನ್‌ಲೈನ್‌ನಲ್ಲಿ ನೀವೇ ಕೊಳ್ಳುತ್ತಿದ್ದರೆ ಪರದೆಯ ಮೇಲೆ `Self-transfer` ಎಂಬ ಸಣ್ಣ ಅಕ್ಷರ ಇದೆಯೇ ನೋಡಿ. ಇದ್ದರೆ ಅದು ಎರಡು ಟಿಕೆಟ್ಟೇ. ಅಂಥ ಜಾಲತಾಣಗಳು ಕೊಡುವ `Guarantee` ಸಾಮಾನ್ಯವಾಗಿ ವಿಮಾನ ತಪ್ಪಿದರೆ ಸಿಗುವ ಪರಿಹಾರಕ್ಕೆ ಸಂಬಂಧಿಸಿದ್ದು. ವೀಸಾ ನೋಡಿಕೊಳ್ಳುವ ಹೊಣೆ ನಿಮ್ಮದೇ.

ಏರ್‌ಸೈಡ್, ಲ್ಯಾಂಡ್‌ಸೈಡ್ ಅಂತಾರೆ. ಗೆರೆ ಎಲ್ಲಿ ಬರುತ್ತದೆ?

ಆ ದೇಶದ ಇಮಿಗ್ರೇಷನ್ ಕೌಂಟರೇ ಗೆರೆ. ವಿಮಾನ ಇಳಿದವರು ಅಧಿಕಾರಿಗೆ ಪಾಸ್‌ಪೋರ್ಟ್ ತೋರಿಸಿ ದೇಶದೊಳಗೆ ಹೋಗದೆ, ಒಳಗಿಂದೊಳಗೇ ಇನ್ನೊಂದು ಗೇಟಿಗೆ ಹೋದರೆ ಅದು ಏರ್‌ಸೈಡ್. ಕೌಂಟರ್ ದಾಟಿ, ಬ್ಯಾಗ್ ಬರುವ ಬೆಲ್ಟಿನ ಹತ್ತಿರ ಹೋದ ಕ್ಷಣ ನೀವು ಲ್ಯಾಂಡ್‌ಸೈಡ್‌ನವರು, ಕಾನೂನಿನ ಲೆಕ್ಕದಲ್ಲಿ ಆ ದೇಶವನ್ನು ಪ್ರವೇಶಿಸಿದವರು. ವಿಮಾನ ನಿಲ್ದಾಣದ ಕಟ್ಟಡದಿಂದ ಹೊರಗೆ ಕಾಲಿಡದಿದ್ದರೂ ಇದೇ ಲೆಕ್ಕ.

ಲಂಡನ್ ಹೀಥ್ರೂನಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಇಳಿದ ಮೇಲೆ ನೇರಳೆ ಬಣ್ಣದ `Flight connections` ಫಲಕ ಹಿಡಿದು ಹೋದರೆ ಏರ್‌ಸೈಡ್ ದಾರಿ. `Arrivals` ಕಡೆ ತಿರುಗಿದರೆ ಇಮಿಗ್ರೇಷನ್ ಸಾಲು.

ನಾವು ಏರ್‌ಪೋರ್ಟ್ ಬಿಟ್ಟು ಹೋಗೋದೇ ಇಲ್ಲ. ಹಾಗಿದ್ದರೂ ಲ್ಯಾಂಡ್‌ಸೈಡ್ ಯಾಕೆ ಬರುತ್ತದೆ?

ಹೆಚ್ಚಿನ ಸಲ ಬ್ಯಾಗಿನಿಂದ. ಮೊದಲ ಕಂಪನಿ ನಿಮ್ಮ ಸೂಟ್‌ಕೇಸನ್ನು ತನ್ನ ಟಿಕೆಟ್ ಮುಗಿಯುವ ಊರಿನವರೆಗೆ ಒಯ್ಯುತ್ತದೆ. ಲಂಡನ್‌ನಲ್ಲಿ ಅದು ಬೆಲ್ಟಿನ ಮೇಲೆ ಬಂದು ಬೀಳುತ್ತದೆ, ಬೆಲ್ಟ್ ಇರುವುದು ಇಮಿಗ್ರೇಷನ್ ಆಚೆ. ಅದನ್ನು ಎತ್ತಿಕೊಂಡು, ಎರಡನೇ ಕಂಪನಿಯ ಕೌಂಟರಿಗೆ ಹೋಗಿ, ಹೊಸದಾಗಿ ಚೆಕ್‌ಇನ್ ಮಾಡಿ, ಸೆಕ್ಯೂರಿಟಿ ದಾಟಿ ಮತ್ತೆ ಒಳಗೆ ಬರಬೇಕು. ನೀವು ಹೋಗದಿದ್ದರೆ ಬ್ಯಾಗ್ ಲಂಡನ್‌ನಲ್ಲೇ ಉಳಿಯುತ್ತದೆ.

ಬ್ಯಾಗ್ ಇಲ್ಲದಿದ್ದರೂ ಎರಡು ಕಾರಣಗಳು ಉಳಿಯುತ್ತವೆ. ಎರಡನೇ ವಿಮಾನ ಬೇರೆ ಏರ್‌ಪೋರ್ಟಿನಿಂದ ಇದ್ದರೆ, ಉದಾಹರಣೆಗೆ ಹೀಥ್ರೂನಲ್ಲಿ ಇಳಿದು ಗ್ಯಾಟ್ವಿಕ್‌ನಲ್ಲಿ ಹತ್ತುವುದಿದ್ದರೆ, ಬಸ್ ಹಿಡಿದೇ ಹೋಗಬೇಕು, ಒಳದಾರಿ ಇಲ್ಲ. ಇನ್ನೊಂದು ಬೋರ್ಡಿಂಗ್ ಪಾಸ್. ಕೆಲವು ಕಂಪನಿಗಳು ವೀಸಾ ಬೇಕಾದ ಪ್ರಯಾಣಿಕರ ಕಾಗದಗಳನ್ನು ತಮ್ಮ ಕೌಂಟರಿನಲ್ಲಿ ಕಣ್ಣಾರೆ ನೋಡಿದ ಮೇಲೆಯೇ ಪಾಸ್ ಕೊಡುತ್ತವೆ, ಮೊಬೈಲಿಗೆ ಕಳಿಸುವುದಿಲ್ಲ. ಅಗ್ಗದ ಕಂಪನಿಗಳಲ್ಲಿ ಆ ಕೌಂಟರ್ ಲ್ಯಾಂಡ್‌ಸೈಡ್‌ನಲ್ಲಿ ಮಾತ್ರ ಇರುವುದು ಸಾಮಾನ್ಯ.

ಬ್ಯಾಗನ್ನು ಹೈದರಾಬಾದಿನಿಂದ ಸೀದಾ ಟೊರಾಂಟೊಗೆ ಹಾಕಿಸಲು ಆಗೋದಿಲ್ವಾ?

ಕೆಲವೊಮ್ಮೆ ಆಗುತ್ತದೆ. ಒಂದರ ಪ್ರಯಾಣಿಕರನ್ನೂ ಬ್ಯಾಗನ್ನೂ ಇನ್ನೊಂದು ವಹಿಸಿಕೊಳ್ಳುವ ಇಂಟರ್‌ಲೈನ್ ಒಪ್ಪಂದ ಎರಡು ಕಂಪನಿಗಳ ನಡುವೆ ಇರಬೇಕು, ಮೊದಲ ಕಂಪನಿ ಬೇರೆ ಟಿಕೆಟ್ಟಿಗೂ ಬ್ಯಾಗ್ ಮುಂದೆ ಕಳಿಸಲು ಒಪ್ಪಬೇಕು, ಕೌಂಟರಿನಲ್ಲಿರುವವರು ಅದನ್ನು ಮಾಡಲು ಮನಸ್ಸು ಮಾಡಬೇಕು. ಒಪ್ಪಂದ ಇದ್ದೂ ಬೇರೆ ಟಿಕೆಟ್ ಅಂದಕೂಡಲೇ ಆಗದು ಎನ್ನುವ ದೊಡ್ಡ ಕಂಪನಿಗಳಿವೆ. ಅಗ್ಗದ ಕಂಪನಿಗಳಲ್ಲಿ ಈ ಮಾತೇ ಎತ್ತಬೇಡಿ.

ಟಿಕೆಟ್ ಕೊಳ್ಳುವ ಮೊದಲು ಮೊದಲ ಕಂಪನಿಗೆ ಇಮೇಲ್ ಬರೆದು, ಬರಹದಲ್ಲಿ ಉತ್ತರ ಪಡೆಯಿರಿ. ಫೋನಿನಲ್ಲಿ ಯಾರೋ ಹೂಂ ಅಂದದ್ದನ್ನು ಶಂಶಾಬಾದಿನ ಕೌಂಟರಿನಲ್ಲಿ ಯಾರೂ ಕೇಳುವುದಿಲ್ಲ. ಬ್ಯಾಗ್ ಕೊಟ್ಟ ಮೇಲೆ ಅದಕ್ಕೆ ಕಟ್ಟುವ ಪಟ್ಟಿಯನ್ನು ನೀವೇ ಓದಿ. ದೊಡ್ಡ ಅಕ್ಷರದಲ್ಲಿ `YYZ` ಇದ್ದರೆ ಟೊರಾಂಟೊ, `LHR` ಮಾತ್ರ ಇದ್ದರೆ ಹೀಥ್ರೂ. ಬೆಲ್ಟಿನ ಮೇಲೆ ಹೋಗಿಬಿಟ್ಟ ಮೇಲೆ ಓದಿ ಪ್ರಯೋಜನವಿಲ್ಲ.

ಬರೀ ಕೈಚೀಲದಲ್ಲಿ ಹೋದರೆ?

ಬೋರ್ಡಿಂಗ್ ಪಾಸ್ ಮೊದಲೇ ಸಿಗುವುದಾದರೆ, ಇಲ್ಲವೇ ಎರಡನೇ ಕಂಪನಿಗೆ ಏರ್‌ಸೈಡ್‌ನಲ್ಲೇ ಟ್ರಾನ್ಸ್‌ಫರ್ ಡೆಸ್ಕ್ ಇದ್ದರೆ, ಏರ್‌ಸೈಡ್‌ನಲ್ಲೇ ಮುಗಿಸಬಹುದು. ಆದರೆ ನಮ್ಮ ಕಡೆಯಿಂದ ಮಗಳ ಮನೆಗೆ ಹೊರಟವರು ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಹಪ್ಪಳ, ಸಂಡಿಗೆ ಎಲ್ಲ ಬಿಟ್ಟು ಏಳು ಕಿಲೋ ಕೈಚೀಲದಲ್ಲಿ ಆರು ತಿಂಗಳಿಗೆ ಹೋಗುತ್ತಾರೆಂದು ನನಗಂತೂ ನಂಬಿಕೆ ಇಲ್ಲ. ಅದಕ್ಕೇ ಮುಂದಿನ ಉತ್ತರಗಳಲ್ಲಿ ಬ್ಯಾಗ್ ಇದೆ ಎಂದೇ ಇಟ್ಟುಕೊಂಡಿದ್ದೇನೆ.

ಹಾಗಾದರೆ ಲಂಡನ್‌ನಲ್ಲಿ ಯಾವ ವೀಸಾ ಬೇಕು?

ಬ್ರಿಟನ್ನಿನಲ್ಲಿ ಟ್ರಾನ್ಸಿಟ್ ವೀಸಾ ಎರಡು ಬಗೆ. ಏರ್‌ಸೈಡ್‌ನಲ್ಲೇ ಇರುವವರಿಗೆ ಡೈರೆಕ್ಟ್ ಏರ್‌ಸೈಡ್ ಟ್ರಾನ್ಸಿಟ್ ವೀಸಾ. ಇಮಿಗ್ರೇಷನ್ ದಾಟುವವರಿಗೆ ವಿಸಿಟರ್ ಇನ್ ಟ್ರಾನ್ಸಿಟ್ ವೀಸಾ. ಭಾರತೀಯರಿಗೆ ಸಾಮಾನ್ಯವಾಗಿ ಎರಡೂ ಕಡೆ ವೀಸಾ ಬೇಕು, ಸುಮ್ಮನೆ ಗೇಟು ಬದಲಿಸುವುದಕ್ಕೂ.

ಆದರೆ ಕೆನಡಾ, ಅಮೆರಿಕ, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳ ಚಾಲ್ತಿ ವೀಸಾ ಇರುವವರಿಗೆ ವಿನಾಯಿತಿ ಇದೆ. ಏರ್‌ಸೈಡ್‌ನಲ್ಲಿ ಇದು ಸರಳ, ಪಾಸ್‌ಪೋರ್ಟಿನಲ್ಲಿ ಆ ವೀಸಾ ಚಾಲ್ತಿಯಲ್ಲಿದ್ದರೆ ಸಾಕು. ಲ್ಯಾಂಡ್‌ಸೈಡ್‌ಗೂ ಟ್ರಾನ್ಸಿಟ್ ವಿದೌಟ್ ವೀಸಾ ಎಂಬ ವಿನಾಯಿತಿ ಇದೆ, ಆದರೆ ಅದರ ಹಿಂದೆ ಷರತ್ತುಗಳಿವೆ. ವಿಮಾನದಲ್ಲೇ ಬಂದು ವಿಮಾನದಲ್ಲೇ ಹೋಗಬೇಕು. ಮುಂದಿನ ವಿಮಾನದ ಖಚಿತ ಟಿಕೆಟ್ ಕೈಯಲ್ಲಿರಬೇಕು, ಆ ವಿಮಾನ ನೀವು ಇಳಿದ ಮರುದಿನದ ರಾತ್ರಿ 11:59ರೊಳಗೆ ಹೊರಡಬೇಕು. ಕೆನಡಾ ವೀಸಾ ತೋರಿಸುವುದಾದರೆ ನೀವು ಕೆನಡಾಕ್ಕೆ ಹೋಗುವ ದಾರಿಯಲ್ಲಿ ಇರಬೇಕು, ಅಥವಾ ಅಲ್ಲಿಂದ ಬರುವ ದಾರಿಯಲ್ಲಿ. ಬರುವ ದಾರಿಯ ಲೆಕ್ಕ ಬೇರೆ, ಅದನ್ನು ಕೆಳಗೆ ಹೇಳಿದ್ದೇನೆ.

ಇದು ಹಕ್ಕಲ್ಲ ಎಂಬುದೂ ಗೊತ್ತಿರಲಿ. ಕೌಂಟರಿನಲ್ಲಿ ಕೂತ ಅಧಿಕಾರಿಗೆ ಒಪ್ಪಿಗೆಯಾಗಬೇಕು. ಕಾಗದ ಸರಿಯಿದ್ದು ಮಾತು ನೇರವಾಗಿದ್ದರೆ ಸಾಮಾನ್ಯವಾಗಿ ತೊಡಕಿಲ್ಲ. ನಿಯಮಗಳು ಆಗಾಗ ಬದಲಾಗುತ್ತವೆ, ಆದ್ದರಿಂದ ದುಡ್ಡು ಕಟ್ಟುವ ದಿನವೇ `gov.uk` ತಾಣದ `Check if you need a UK visa` ಪುಟದಲ್ಲಿ ಒಮ್ಮೆ ನೋಡಿ.

ಒಂದು ಉದಾಹರಣೆ ಇಟ್ಟುಕೊಂಡು ಹೇಳಿ. ಹೋಗುವಾಗ ಏನೇನು ಆಗುತ್ತದೆ?

ಸಿಂಧನೂರಿನ ಗಂಡ ಹೆಂಡತಿ ಎಂದಿಟ್ಟುಕೊಳ್ಳಿ. ಇಬ್ಬರಿಗೂ ಕೆನಡಾ ವಿಸಿಟರ್ ವೀಸಾ ಇದೆ. ಮೊದಲ ಟಿಕೆಟ್ ಹೈದರಾಬಾದ್–ಹೀಥ್ರೂ, ಇಳಿಯುವುದು ಟರ್ಮಿನಲ್ 5ರಲ್ಲಿ, ಸೋಮವಾರ ಮಧ್ಯಾಹ್ನ 1 ಗಂಟೆಗೆ. ಎರಡನೇ ಟಿಕೆಟ್ ಬೇರೆ ಕಂಪನಿಯದು, ಟರ್ಮಿನಲ್ 2ರಿಂದ, ಟೊರಾಂಟೊಗೆ ಅದೇ ಸೋಮವಾರ ಸಂಜೆ 7 ಗಂಟೆಗೆ. ಬ್ಯಾಗಿಗೆ `LHR` ಪಟ್ಟಿ.

ಹೈದರಾಬಾದಿನಲ್ಲೇ ಮೊದಲ ಪರೀಕ್ಷೆ. ಚೆಕ್‌ಇನ್ ಮಾಡುವವರ ಪರದೆಯಲ್ಲಿ ಈ ಇಬ್ಬರು ಲಂಡನ್‌ಗೆ ಹೋಗುವವರು ಎಂದು ಮಾತ್ರ ಕಾಣುತ್ತದೆ, ಟೊರಾಂಟೊ ಕಾಣುವುದಿಲ್ಲ. ಅವರು ಸಹಜವಾಗಿ ಬ್ರಿಟನ್ ವೀಸಾ ಕೇಳುತ್ತಾರೆ. ಆಗ ಗಾಬರಿಯಾಗದೆ ಟೊರಾಂಟೊ ಟಿಕೆಟ್ಟಿನ ಪ್ರಿಂಟ್ ಮತ್ತು ಕೆನಡಾ ವೀಸಾ ಪುಟ ಒಟ್ಟಿಗೆ ಮುಂದಿಟ್ಟು, ಲಂಡನ್‌ನಲ್ಲಿ ಬ್ಯಾಗ್ ತೆಗೆದುಕೊಂಡು ಮುಂದೆ ಹೋಗುತ್ತೇವೆ, ಟ್ರಾನ್ಸಿಟ್ ವಿದೌಟ್ ವೀಸಾ ನೋಡಿ ಎಂದು ಹೇಳಬೇಕು. ಅವರು ತಮ್ಮ ವ್ಯವಸ್ಥೆಯಲ್ಲಿ ಪೌರತ್ವ, ನಡುವಿನ ಊರು, ಕೊನೆಯ ಊರು ಹಾಕಿ ನಿಯಮ ಓದುತ್ತಾರೆ. ಬಹುತೇಕ ಕಂಪನಿಗಳು ಬಳಸುವ ಆ ಮಾಹಿತಿಕೋಶದ ಹೆಸರು ಟೈಮ್ಯಾಟಿಕ್. ಕೌಂಟರಿನವರಿಗೆ ಗೊತ್ತಿಲ್ಲದಿದ್ದರೆ ಅದನ್ನೇ ನೋಡಿ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಸಮಯ ಬೇಕಾಗುತ್ತದೆ, ಆದ್ದರಿಂದ ಕೌಂಟರ್ ತೆರೆದ ಕೂಡಲೇ ನಿಲ್ಲಿ.

ಹೀಥ್ರೂನಲ್ಲಿ ನೇರಳೆ ಫಲಕ ಬಿಟ್ಟು `Arrivals` ಕಡೆ. ಭಾರತೀಯ ಪಾಸ್‌ಪೋರ್ಟಿಗೆ ಅಲ್ಲಿನ ಸ್ವಯಂಚಾಲಿತ ಗೇಟು ಇಲ್ಲ, ಅಧಿಕಾರಿ ಕೂತ ಸಾಲಿಗೇ ನಿಲ್ಲಬೇಕು. ಒಂದು ಗಂಟೆ, ಜನ ಹೆಚ್ಚಿದ್ದರೆ ಇನ್ನೂ ಹೆಚ್ಚು. ಇಂಗ್ಲಿಷ್ ಬಾರದವರಿಗೆ ಮಕ್ಕಳು ಮೊದಲೇ ಒಂದು ಚಿಕ್ಕ ಚೀಟಿ ಬರೆದುಕೊಟ್ಟರೆ ಒಳ್ಳೆಯದು. ನಾವು ಟೊರಾಂಟೊಗೆ ಹೋಗುತ್ತಿದ್ದೇವೆ, ವಿಮಾನ ಇಂದು ಸಂಜೆ 7ಕ್ಕೆ, ಬ್ಯಾಗ್ ತೆಗೆದುಕೊಳ್ಳಲು ಹೊರಗೆ ಬರುತ್ತಿದ್ದೇವೆ ಎಂಬ ಮೂರು ಸಾಲು ಸಾಕು. ಚೀಟಿಯ ಜೊತೆ ಟಿಕೆಟ್.

ಅಲ್ಲಿಂದ ಬೆಲ್ಟು, ಕಸ್ಟಮ್ಸ್, ಆಮೇಲೆ ರೈಲು. ಹೀಥ್ರೂ ಟರ್ಮಿನಲ್‌ಗಳ ನಡುವೆ ರೈಲು ಉಚಿತ, 5ರಿಂದ 2ಕ್ಕೆ ಅದರಲ್ಲೇ ಹೋಗಬಹುದು. ಅಲ್ಲಿ ಎರಡನೇ ಕಂಪನಿಯ ಕೌಂಟರ್, ಮತ್ತೆ ಕೆನಡಾ ವೀಸಾ ತೋರಿಸುವುದು, ಮತ್ತೆ ತೂಕ. ಮೊದಲ ಕಂಪನಿ 23 ಕಿಲೋದ ಎರಡು ಬ್ಯಾಗ್ ಬಿಟ್ಟಿದ್ದರೂ ಎರಡನೆಯದು ಒಂದನ್ನೇ ಬಿಡಬಹುದು. ಎರಡೂ ಟಿಕೆಟ್ಟಿನ ಬ್ಯಾಗೇಜ್ ಮಿತಿ ನೋಡಿ, ಕಡಿಮೆ ಇರುವುದನ್ನೇ ನಿಮ್ಮ ಮಿತಿ ಎಂದುಕೊಂಡು ಮನೆಯಲ್ಲೇ ತೂಗಿ. ದೂರದ ವಿಮಾನಗಳ ಚೆಕ್‌ಇನ್ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುತ್ತದೆ. ಅಂದರೆ ಇವರ ಕೈಯಲ್ಲಿರುವುದು ಆರು ಗಂಟೆಯಲ್ಲ, ಐದು. ಎಲ್ಲ ಸರಿ ಹೋದರೆ ಮೂರು ಗಂಟೆಯಲ್ಲಿ ಮುಗಿಯುತ್ತದೆ, ಉಳಿದ ಎರಡು ಗಂಟೆ ಮೊದಲ ವಿಮಾನ ತಡವಾದರೆ ಇರಲಿ ಎಂದು. ಇದಕ್ಕಿಂತ ಕಡಿಮೆ ಅಂತರ ಇಡಬೇಡಿ ಎಂಬುದು ನನ್ನ ಅಭಿಪ್ರಾಯ.

ಮರುದಿನದ ವಿಮಾನ ಹಿಡಿದರೆ ನಿರಾಳ ಅಲ್ವಾ? 24 ಗಂಟೆ ದಾಟಿದರೆ ತೊಂದರೆಯೇ?

ನಿರಾಳವೇ, ಆದರೆ ಬ್ರಿಟನ್ ಇಲ್ಲಿ ಗಂಟೆ ಎಣಿಸುವುದಿಲ್ಲ, ತಾರೀಖು ಎಣಿಸುತ್ತದೆ. ಸೋಮವಾರ ರಾತ್ರಿ 11:30ಕ್ಕೆ ಇಳಿದವರು ಮಂಗಳವಾರ ರಾತ್ರಿ 11:59ರೊಳಗೆ ಹೊರಡಬೇಕು, ಸಿಗುವುದು ಇಪ್ಪತ್ನಾಲ್ಕೂವರೆ ಗಂಟೆ. ಅದೇ ವಿಮಾನ ಒಂದು ಗಂಟೆ ತಡವಾಗಿ 12:30ಕ್ಕೆ ಇಳಿದರೆ ಅದು ಮಂಗಳವಾರ, ಗಡುವು ಬುಧವಾರ ರಾತ್ರಿಗೆ ಹೋಗುತ್ತದೆ, ಸಿಗುವುದು ನಲವತ್ತೇಳೂವರೆ ಗಂಟೆ. ಲೆಕ್ಕವೆಲ್ಲ ಲಂಡನ್ ಗಡಿಯಾರದ್ದು. ಬುಧವಾರ ನಸುಕಿನ ವಿಮಾನವನ್ನು ಮಂಗಳವಾರ ರಾತ್ರಿಯದು ಎಂದು ಓದಿಕೊಂಡು ಕೊಂಡುಬಿಡುವವರಿದ್ದಾರೆ. 00:20 ಎಂದಿದ್ದರೆ ತಾರೀಖನ್ನು ಎರಡು ಸಲ ನೋಡಿ.

ಬರುವಾಗಲೂ ಇದೇ ನಿಯಮ ತಾನೇ?

ಎಲ್ಲಕ್ಕಿಂತ ಹೆಚ್ಚು ಎಡವುವ ಜಾಗ ಇದು. ಹೋಗುವಾಗ ಕೆನಡಾ ವೀಸಾ ಇದ್ದರೆ ಸಾಕಾಗಿತ್ತು. ಬರುವಾಗ ಲ್ಯಾಂಡ್‌ಸೈಡ್ ವಿನಾಯಿತಿಗೆ ಇನ್ನೊಂದು ಲೆಕ್ಕ ಸೇರುತ್ತದೆ: ಕೆನಡಾವನ್ನು ಚಾಲ್ತಿ ವೀಸಾ ಮೇಲೆ ಕೊನೆಯ ಸಲ ಪ್ರವೇಶಿಸಿ ಆರು ತಿಂಗಳು ದಾಟಿರಬಾರದು.

ಸಿಂಧನೂರಿನವರು ಏಪ್ರಿಲ್ 10ರಂದು ಟೊರಾಂಟೊದಲ್ಲಿ ಇಳಿದರು ಎನ್ನೋಣ. ಕೆನಡಾದವರು ವಿಸಿಟರ್‌ಗೆ ಸಾಮಾನ್ಯವಾಗಿ ಆರು ತಿಂಗಳು ಕೊಡುತ್ತಾರೆ. ಅಕ್ಟೋಬರ್ 5ಕ್ಕೆ ಹೊರಟರೆ ಲಂಡನ್‌ನಲ್ಲಿ ಬ್ಯಾಗ್ ಎತ್ತಿಕೊಳ್ಳಲು ಅಡ್ಡಿಯಿಲ್ಲ. ಮಗಳ ಹೆರಿಗೆ ಮುಂದಕ್ಕೆ ಹೋಯಿತೆಂದು ಅಲ್ಲಿ ಅವಧಿ ವಿಸ್ತರಿಸಿಕೊಂಡು ನವೆಂಬರ್‌ನಲ್ಲಿ ಹೊರಟರೆ, ಕೆನಡಾದ ಲೆಕ್ಕದಲ್ಲಿ ಎಲ್ಲ ಸಕ್ರಮ, ಆದರೆ ಬ್ರಿಟನ್ನಿನ ಆರು ತಿಂಗಳು ಮುಗಿದಿದೆ. ಲ್ಯಾಂಡ್‌ಸೈಡ್‌ಗೆ ವೀಸಾ ಬೇಕಾಗುತ್ತದೆ.

ಸೂಪರ್ ವೀಸಾದಲ್ಲಿ ಹೋದವರಿಗೆ ಇದು ಇನ್ನೂ ಗಟ್ಟಿಯಾಗಿ ತಾಗುತ್ತದೆ. ಆ ವೀಸಾದಲ್ಲಿ ತಂದೆತಾಯಿ ಒಂದೇ ಸಲಕ್ಕೆ 5 ವರ್ಷದವರೆಗೆ ಇರಬಹುದು. ವರ್ಷ ಇದ್ದು ಬರುವವರು ಬರುವ ದಾರಿಗೆ ಎರಡು ಟಿಕೆಟ್ ಕೊಂಡರೆ ಟೊರಾಂಟೊದ ಚೆಕ್‌ಇನ್ ಕೌಂಟರಿನಲ್ಲೇ ನಿಲ್ಲಬೇಕಾಗಬಹುದು. ಏರ್‌ಸೈಡ್‌ಗೆ ಈ ಆರು ತಿಂಗಳ ಮಾತಿಲ್ಲ, ಕೆನಡಾ ವೀಸಾ ಚಾಲ್ತಿಯಲ್ಲಿದ್ದರೆ ಆಯಿತು. ಹಾಗಾಗಿ ನನ್ನ ಸಲಹೆ ಇಷ್ಟು: ಹೋಗುವುದು ಬೇಕಾದರೆ ಎರಡು ಟಿಕೆಟ್ಟಿನಲ್ಲಿ ಹೋಗಿ, ಬರುವುದನ್ನು ಮಾತ್ರ ಒಂದೇ ಟಿಕೆಟ್ಟಿನಲ್ಲಿ, ಬ್ಯಾಗ್ ಟೊರಾಂಟೊದಿಂದ ಸೀದಾ `HYD`ಗೆ ಬರುವಂತೆ ತೆಗೆಯಿರಿ. ಬರುವ ತಾರೀಖು ಯಾವಾಗಲೂ ಜಗ್ಗುತ್ತದೆ.

ಹೀಥ್ರೂನಲ್ಲಿ ಇಳಿದು ಗ್ಯಾಟ್ವಿಕ್‌ನಲ್ಲಿ ಹತ್ತಬಹುದೇ?

ಲ್ಯಾಂಡ್‌ಸೈಡ್ ವಿನಾಯಿತಿ ನಿಮಗೆ ಸಲ್ಲುತ್ತಿದ್ದರೆ ಹೋಗಬಹುದು. ಕೋಚ್ ಬಸ್ಸಿನಲ್ಲಿ ಒಂದರಿಂದ ಒಂದೂವರೆ ಗಂಟೆ, ರಿಂಗ್ ರೋಡಿನಲ್ಲಿ ಸಿಕ್ಕಿಕೊಂಡರೆ ಇನ್ನೂ ಹೆಚ್ಚು. ನಾಲ್ಕು ಸೂಟ್‌ಕೇಸ್ ಹಿಡಿದ ಹಿರಿಯರನ್ನು ಆ ದಾರಿಗೆ ಹಚ್ಚಬೇಡಿ.

ಲಂಡನ್ ಬೇಡ, ಫ್ರಾಂಕ್‌ಫರ್ಟ್ ಅಥವಾ ಆಮ್‌ಸ್ಟರ್‌ಡ್ಯಾಮ್ ಮೇಲೆ ಹೋದರೆ?

ಒಂದೇ ಟಿಕೆಟ್ಟಿಗೆ ಚೆನ್ನಾದ ದಾರಿ, ಬ್ಯಾಗಿರುವ ಎರಡು ಟಿಕೆಟ್ಟಿಗೆ ಕೆಟ್ಟ ದಾರಿ. ಈ ಎರಡೂ ಊರುಗಳು ಒಂದೇ ವೀಸಾ ನಡೆಯುವ ಯುರೋಪಿನ ಷೆಂಗೆನ್ ಗುಂಪಿನವು. ಷೆಂಗೆನ್ ದೇಶಗಳ ವೀಸಾ ಸಂಹಿತೆಯಲ್ಲಿ (2009ರ 810ನೇ ನಿಯಮ) ಕೆನಡಾ, ಅಮೆರಿಕ ಅಥವಾ ಜಪಾನಿನ ಚಾಲ್ತಿ ವೀಸಾ ಇರುವವರಿಗೆ ಏರ್‌ಪೋರ್ಟ್ ಟ್ರಾನ್ಸಿಟ್ ವೀಸಾದಿಂದ ವಿನಾಯಿತಿ ಇದೆ. ಆದರೆ ಆ ವಿನಾಯಿತಿ ಏರ್‌ಸೈಡ್‌ಗೆ ಮಾತ್ರ. ಇಮಿಗ್ರೇಷನ್ ದಾಟಿ ಬ್ಯಾಗ್ ಎತ್ತಿಕೊಳ್ಳಲು ಲಂಡನ್‌ನಲ್ಲಿರುವಂಥ ರಿಯಾಯಿತಿ ಅಲ್ಲಿಲ್ಲ, ಪೂರ್ತಿ ಷೆಂಗೆನ್ ವೀಸಾವೇ ಬೇಕು. ಇದೇ ಸಿಂಧನೂರಿನ ದಂಪತಿಯನ್ನು, ಇದೇ ಕೆನಡಾ ವೀಸಾದೊಂದಿಗೆ, ಫ್ರಾಂಕ್‌ಫರ್ಟಿಗೆ ಮುಗಿಯುವ ಟಿಕೆಟ್ಟಿನಲ್ಲಿ ಹೈದರಾಬಾದಿನಲ್ಲೇ ಹತ್ತಿಸುವುದಿಲ್ಲ.

ಇನ್ನೊಂದು ಬಲೆ ಇದೆ. ಷೆಂಗೆನ್‌ನಲ್ಲಿ ಎರಡು ಊರು ಬಂದರೆ, ಉದಾಹರಣೆಗೆ ಪ್ಯಾರಿಸ್‌ನಲ್ಲಿ ಇಳಿದು ಆಮ್‌ಸ್ಟರ್‌ಡ್ಯಾಮ್‌ಗೆ ಹೋಗಿ ಅಲ್ಲಿಂದ ಟೊರಾಂಟೊ ವಿಮಾನ ಇದ್ದರೆ, ಪ್ಯಾರಿಸ್–ಆಮ್‌ಸ್ಟರ್‌ಡ್ಯಾಮ್ ಷೆಂಗೆನ್ ಒಳಗಿನ ಪ್ರಯಾಣ. ಅದನ್ನು ಹತ್ತಲು ಪ್ಯಾರಿಸ್‌ನಲ್ಲಿ ಇಮಿಗ್ರೇಷನ್ ದಾಟಲೇಬೇಕು. ಒಂದೇ ಟಿಕೆಟ್ ಇದ್ದರೂ, ಬ್ಯಾಗ್ ಸೀದಾ ಹೋಗುತ್ತಿದ್ದರೂ ಇದು ತಪ್ಪುವುದಿಲ್ಲ.

ಅಮೆರಿಕದ ಮೇಲೆ?

ಅಮೆರಿಕದಲ್ಲಿ ಏರ್‌ಸೈಡ್ ಟ್ರಾನ್ಸಿಟ್ ಎಂಬುದೇ ಇಲ್ಲ. ನ್ಯೂಯಾರ್ಕ್‌ನಲ್ಲಿ ಎರಡು ಗಂಟೆ ಗೇಟು ಬದಲಿಸಲೂ ಸಿ-1 ಟ್ರಾನ್ಸಿಟ್ ವೀಸಾ ಅಥವಾ ಬಿ-1/ಬಿ-2 ವೀಸಾ ಬೇಕು.

ದುಬೈ?

ಏರ್‌ಸೈಡ್‌ನಲ್ಲಿ ಕೂತು ಮುಂದಿನ ವಿಮಾನ ಹತ್ತುವುದಾದರೆ ಭಾರತೀಯರಿಗೆ ವೀಸಾ ಬೇಡ. ಹೊರಗೆ ಬಂದು ಬ್ಯಾಗ್ ಎತ್ತಿಕೊಳ್ಳಬೇಕಾದರೆ ಯುಎಇ ವೀಸಾ ಬೇಕು. ಅಲ್ಲಿ ಟ್ರಾನ್ಸಿಟ್ ವೀಸಾ ಎರಡು ಬಗೆ, 48 ಗಂಟೆಯದು ಉಚಿತ, 96 ಗಂಟೆಯದಕ್ಕೆ 50 ದಿರ್ಹಾಮ್. ಇಳಿದ ಮೇಲೆ ಕೇಳಿದರೆ ಸಿಗುವಂಥದ್ದಲ್ಲ, ಯುಎಇಯ ವಿಮಾನ ಕಂಪನಿಯ ಮೂಲಕ ಹೊರಡುವ ಮೊದಲೇ ಮಾಡಿಸಬೇಕು. ನಿಮ್ಮ ಎರಡೂ ಟಿಕೆಟ್ ಹೊರಗಿನ ಕಂಪನಿಗಳದ್ದಾದರೆ ಈ ದಾರಿ ಬಿಡಿ.

ನಮ್ಮ ಹತ್ತಿರ ಕೆನಡಾ, ಅಮೆರಿಕ ವೀಸಾ ಯಾವುದೂ ಇಲ್ಲ. ಬೇರೆ ದೇಶಕ್ಕೆ ಹೋಗುವಾಗ ಲಂಡನ್‌ನಲ್ಲಿ ಎರಡು ಟಿಕೆಟ್?

ವಿಸಿಟರ್ ಇನ್ ಟ್ರಾನ್ಸಿಟ್ ವೀಸಾ ಮಾಡಿಸಬೇಕು. ಬೆರಳಚ್ಚು ಕೊಡಲು ಹೈದರಾಬಾದಿಗೋ ಬೆಂಗಳೂರಿಗೋ ಖುದ್ದಾಗಿ ಹೋಗಬೇಕು, ವೀಸಾ ಬರಲು ಕೆಲವು ವಾರ ಬೇಕಾಗುತ್ತದೆ. ರಾಯಚೂರಿನಿಂದ ಓಡಾಟದ ಖರ್ಚು, ವೀಸಾ ಶುಲ್ಕ ಸೇರಿಸಿ ನೋಡಿದರೆ ಎರಡು ಟಿಕೆಟ್ಟಿನಲ್ಲಿ ಉಳಿದ ದುಡ್ಡು ಕರಗಿರುತ್ತದೆ. ಒಂದೇ ಟಿಕೆಟ್ ಕೊಳ್ಳಿ, ಅದರಲ್ಲೂ ಏರ್‌ಸೈಡ್ ವೀಸಾ ಕೇಳದ ಊರಿನ ಮೇಲೆ.

ಕಾಗದ ಸರಿ ಇದ್ದರೂ ಕೌಂಟರಿನವರು ಇಷ್ಟು ಕಟ್ಟುನಿಟ್ಟು ಯಾಕೆ?

ದಂಡ ಬೀಳುವುದು ಕಂಪನಿಗೆ. ಸರಿಯಾದ ದಾಖಲೆ ಇಲ್ಲದ ಪ್ರಯಾಣಿಕರನ್ನು ಕರೆತಂದರೆ ಬ್ರಿಟನ್ 1999ರ ವಲಸೆ ಕಾಯ್ದೆಯ ಪ್ರಕಾರ ತಲೆಗೆ 2,000 ಪೌಂಡ್ ಹಾಕಬಹುದು. ಮರಳಿ ಕರೆದೊಯ್ಯುವ ಹೊಣೆಯೂ ಕಂಪನಿಯದೇ. ಆದ್ದರಿಂದ ಅನುಮಾನ ಬಂದರೆ ಅವರು ಹತ್ತಿಸುವುದಿಲ್ಲ, ಆ ಟಿಕೆಟ್ಟಿನ ದುಡ್ಡೂ ಸಾಮಾನ್ಯವಾಗಿ ಮರಳುವುದಿಲ್ಲ. ಕೌಂಟರಿನಲ್ಲಿ ದನಿ ಏರಿಸಿ ಲಾಭವಿಲ್ಲ. ಸೂಪರ್‌ವೈಸರ್ ಅವರನ್ನು ಕರೆಸಿ, ನಿಯಮದ ಪುಟದ ಪ್ರಿಂಟ್ ತೋರಿಸಿ.

ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ?

ಗುಂತಕಲ್‌ಗೆ ಒಂದು ಟಿಕೆಟ್, ಅಲ್ಲಿಂದ ಇನ್ನೊಂದು ರೈಲಿಗೆ ಇನ್ನೊಂದು ಟಿಕೆಟ್ ತೆಗೆದಂತೆ, ಮೊದಲನೆಯದು ತಡವಾಯಿತೆಂದು ಎರಡನೆಯದು ಕಾಯುವುದಿಲ್ಲ. ಮೊದಲ ಕಂಪನಿ ನಿಮ್ಮನ್ನು ಲಂಡನ್‌ಗೆ ಮುಟ್ಟಿಸಿದೆ, ಅದರ ಕೆಲಸ ಮುಗಿಯಿತು. ಎರಡನೇ ಕಂಪನಿಯ ಪಾಲಿಗೆ ನೀವು ಬಾರದ ಪ್ರಯಾಣಿಕರು.

ಎರಡನೇ ಟಿಕೆಟ್ ಹೋಗಿಬರುವ ಟಿಕೆಟ್ಟಾಗಿದ್ದರೆ ಪೆಟ್ಟು ದೊಡ್ಡದು. ಲಂಡನ್–ಟೊರಾಂಟೊ ಹತ್ತದಿದ್ದರೆ ಅದೇ ಟಿಕೆಟ್ಟಿನ ಟೊರಾಂಟೊ–ಲಂಡನ್ ಕೂಡ ಸಾಮಾನ್ಯವಾಗಿ ತಾನಾಗಿ ರದ್ದಾಗುತ್ತದೆ. ತಡವಾಗುವುದು ಗೊತ್ತಾದ ಕೂಡಲೇ, ಎರಡನೇ ವಿಮಾನ ಹೊರಡುವ ಮುಂಚೆ, ಆ ಕಂಪನಿಗೆ ಫೋನ್ ಮಾಡಿ ತಾರೀಖು ಬದಲಿಸಿಕೊಳ್ಳಿ. ನೀವು ವಿಮಾನದಲ್ಲಿರುವಾಗ ಆ ಕೆಲಸ ಟೊರಾಂಟೊದಲ್ಲಿರುವ ಮಗಳೇ ಮಾಡಬೇಕಾಗುತ್ತದೆ, ಆದ್ದರಿಂದ ಪಿಎನ್‌ಆರ್ ಅವಳ ಹತ್ತಿರ ಇರಲಿ. ಬದಲಿಸಿಕೊಂಡ ಹೊಸ ವಿಮಾನವೂ ಮರುದಿನ ರಾತ್ರಿ 11:59ರ ಗಡುವಿನೊಳಗೇ ಇರಬೇಕೆಂಬುದನ್ನು ಅವಳಿಗೂ ಹೇಳಿಡಿ. ಪ್ರಯಾಣ ವಿಮೆಯಲ್ಲಿ ಬೇರೆ ಬೇರೆ ಟಿಕೆಟ್ಟಿನ ಸಂಪರ್ಕ ತಪ್ಪಿದ್ದಕ್ಕೆ ರಕ್ಷಣೆ ಇದೆಯೇ ಎಂದು ಪಾಲಿಸಿಯಲ್ಲೇ ಓದಿ ನೋಡಿ, ಎಷ್ಟೋ ಪಾಲಿಸಿಗಳಲ್ಲಿ ಇರುವುದಿಲ್ಲ.

ಬ್ಯಾಗಿನಲ್ಲಿ ತುಪ್ಪ, ಪೇಡೆ ಇದೆ. ಲಂಡನ್‌ನಲ್ಲಿ ಬರೀ ದಾಟಿ ಹೋಗೋದಲ್ವಾ?

ಬ್ಯಾಗ್ ಸೀದಾ ಟೊರಾಂಟೊಗೆ ಹೋದರೆ ಬ್ರಿಟನ್ ಕಸ್ಟಮ್ಸ್ ದಾಟಿಸಿಕೊಂಡು ಹೋಗುವ ಕೆಲಸ ನಿಮಗಿಲ್ಲ. ನೀವೇ ಎತ್ತಿಕೊಂಡು ಹೊರಗೆ ಬಂದರೆ ಅದನ್ನು ಬ್ರಿಟನ್ನಿಗೆ ತಂದಂತೆ. ಭಾರತದಿಂದ ಹಾಲಿನ ಪದಾರ್ಥ, ಮಾಂಸ ಅಲ್ಲಿಗೆ ತರುವಂತಿಲ್ಲ. ಸಿಕ್ಕರೆ ತೆಗೆದುಕೊಳ್ಳುತ್ತಾರೆ. ಚಟ್ನಿಪುಡಿ, ರೊಟ್ಟಿಗೆ ಆ ತೊಡಕಿಲ್ಲ. ಕೆನಡಾದ ಕಸ್ಟಮ್ಸ್ ನಿಯಮ ಬೇರೆ, ಅಲ್ಲಿ ಏನಿದೆಯೋ ಎಲ್ಲ ಫಾರ್ಮಿನಲ್ಲಿ ಹೇಳಿಬಿಡಿ.

ಮಗ ಆಸ್ಟ್ರೇಲಿಯಾದಲ್ಲಿದ್ದಾನೆ. ಕ್ವಾಲಾಲಂಪುರದ ಮೇಲೆ ಎರಡು ಟಿಕೆಟ್ ತೆಗೆಯಬಹುದೇ?

ತೆಗೆಯಬಹುದು, ಈಗಿನ ಮಟ್ಟಿಗೆ ಇದು ಸುಲಭದ ದಾರಿ. ಮಲೇಷ್ಯಾ ಭಾರತೀಯರಿಗೆ 30 ದಿನದವರೆಗೆ ವೀಸಾ ಇಲ್ಲದೆ ಪ್ರವೇಶ ಕೊಟ್ಟಿದೆ, ಆ ರಿಯಾಯಿತಿ 2026ರ ಡಿಸೆಂಬರ್ 31ರವರೆಗೆ. ಹಾಗಾಗಿ ಲ್ಯಾಂಡ್‌ಸೈಡ್‌ಗೆ ಹೋಗಲು ಹೆದರಬೇಕಿಲ್ಲ. ಅಲ್ಲಿ ಇಳಿಯುವ ಮುಂಚಿನ ಮೂರು ದಿನದೊಳಗೆ `MDAC` ಎಂಬ ಡಿಜಿಟಲ್ ಆಗಮನ ಕಾರ್ಡ್ ತುಂಬಿರಬೇಕು. ಅಲ್ಲಿನ ಟರ್ಮಿನಲ್ 1 ಮತ್ತು 2 ಬೇರೆ ಬೇರೆ ಕಟ್ಟಡಗಳು. ಎರಡು ಟಿಕೆಟ್ ಇದ್ದವರು ಇಮಿಗ್ರೇಷನ್ ದಾಟಿ, ಬ್ಯಾಗ್ ಹಿಡಿದು, ರೈಲಿನಲ್ಲೋ ಬಸ್ಸಿನಲ್ಲೋ ಒಂದರಿಂದ ಇನ್ನೊಂದಕ್ಕೆ ಹೋಗುತ್ತಾರೆ. ಬೆಂಗಳೂರಿನಿಂದ ಹೋಗುವ ಅಗ್ಗದ ವಿಮಾನ ಯಾವ ಟರ್ಮಿನಲ್‌ಗೆ ಇಳಿಯುತ್ತದೆ, ಮುಂದಿನದು ಯಾವುದರಿಂದ ಹೊರಡುತ್ತದೆ ಎಂದು ಟಿಕೆಟ್ ಕೊಳ್ಳುವ ಮೊದಲು ನೋಡಿ, ಐದು ಗಂಟೆ ಅಂತರ ಇಡಿ.